ಸ್ಪೆಂಡಿಂಗ್ ಫೇವರೆಬಲ್, ಎಫಿಶಿಯೆನ್ಸಿ ಅಡ್ವರ್ಸ್: ಮಷಿನ್ ಅವರ್ ಮೇಲಿನ ವೇರಿಯಬಲ್ ಓವರ್‌ಹೆಡ್ ವೇರಿಯನ್ಸ್ ಕೆಟ್ಟಾಗ ಎಲ್ಲಿಂದ ಹುಡುಕೋದು

ಲಕ್ಷಣ ಏನಪ್ಪಾ ಅಂದ್ರೆ, ತಿಂಗಳ ರಿಪೋರ್ಟಲ್ಲಿ ವೇರಿಯಬಲ್ ಓವರ್‌ಹೆಡ್ ಸ್ಪೆಂಡಿಂಗ್ ವೇರಿಯನ್ಸ್ 8,100 ರೂಪಾಯಿ ಫೇವರೆಬಲ್, ಎಫಿಶಿಯೆನ್ಸಿ ವೇರಿಯನ್ಸ್ 3,000 ಅಡ್ವರ್ಸ್, ಒಟ್ಟು 5,100 ಫೇವರೆಬಲ್, ಎಲ್ಲರೂ ಖುಷಿ. ಆದ್ರೆ ಲೆಡ್ಜರ್ ತೆಗೆದು ನೋಡಿದ್ರೆ ಓವರ್‌ಹೆಡ್ 18,900 ಅಂಡರ್ ಅಬ್ಸಾರ್ಬ್ ಆಗಿ ಕೂತಿದೆ. ಒಂದೇ ತಿಂಗಳು, ಒಂದೇ ಮಷಿನ್ ಶಾಪ್, ಒಂದು ಕಾಗದ ಲಾಭ ಅಂತಿದೆ ಇನ್ನೊಂದು ನಷ್ಟ ಅಂತಿದೆ. ಈ ಥರ ಒಂದು ಕೇಸ್ ಕೊನೇತನಕ ಬಿಡಿಸಿ ತೋರಿಸ್ತೀನಿ, ಅಂಕಿಗಳನ್ನ ಮಾತ್ರ ಲೆಕ್ಕ ಮಾಡೋಕೆ ಸುಲಭ ಆಗ್ಲಿ ಅಂತ ಸುತ್ತು ಮಾಡಿ ಇಟ್ಟಿದೀನಿ, ನಿಜವಾದ ತಿಂಗಳಲ್ಲಿ ಇಷ್ಟು ನೀಟಾಗಿ ಯಾವುದೂ ಕೂರಲ್ಲ.

ಮೊದಲು ಮಾಹಿತಿ. ಸ್ಟ್ಯಾಂಡರ್ಡ್ ಪ್ರಕಾರ ಒಂದು ಪೀಸಿಗೆ 0.40 ಮಷಿನ್ ಅವರ್, ಒಂದು ಮಷಿನ್ ಅವರಿಗೆ ವೇರಿಯಬಲ್ ಓವರ್‌ಹೆಡ್ 60 ರೂಪಾಯಿ, ಅಂದ್ರೆ ಪೀಸಿಗೆ 24. ಪ್ಲ್ಯಾನ್ ಮಾಡಿದ್ದು 10,000 ಪೀಸ್, 4,000 ಅವರ್. ಆಗಿದ್ದು 9,000 ಒಳ್ಳೆ ಪೀಸ್. ಮೀಟರ್ ಪ್ರಕಾರ ಶಾಪಿನ ಮಷಿನ್‌ಗಳೆಲ್ಲ ಸೇರಿ ಓಡಿದ್ದು 4,050 ಅವರ್, ಖರ್ಚು ಬಿದ್ದಿದ್ದು 2,34,900. ಸೂತ್ರ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಮುಂದೆ ಪದೇ ಪದೇ ಬೇಕಾಗತ್ತೆ ಅಂತ ಬರೆದಿಡ್ತೀನಿ:

```
SH         = good_units * std_hours_per_unit
spending   = actual_cost - (AH * SR)
efficiency = (AH - SH) * SR
total      = actual_cost - (SH * SR)
```

ಉತ್ತರ ಪ್ಲಸ್ ಬಂದ್ರೆ ಅಡ್ವರ್ಸ್, ಮೈನಸ್ ಬಂದ್ರೆ ಫೇವರೆಬಲ್. AH ಅಂದ್ರೆ ನಿಜವಾಗಿ ಓಡಿದ ಅವರ್, SH ಅಂದ್ರೆ ಆಗಿರೋ ಪೀಸಿಗೆ ಸ್ಟ್ಯಾಂಡರ್ಡ್ ಒಪ್ಪೋ ಅವರ್, SR ಅಂದ್ರೆ ಸ್ಟ್ಯಾಂಡರ್ಡ್ ರೇಟು. ಸ್ಪೆಂಡಿಂಗನ್ನ ಕೆಲವು ಪಠ್ಯದಲ್ಲಿ ಎಕ್ಸ್‌ಪೆಂಡಿಚರ್ ವೇರಿಯನ್ಸ್ ಅಂತ ಬರೀತಾರೆ, ಎರಡೂ ಒಂದೇ.

ಮೊದಲನೇ ಚೆಕ್: ಒಟ್ಟು ಮೊತ್ತ ಲೆಡ್ಜರ್ ಜೊತೆ ತಾಳೆ ಆಗತ್ತಾ

ಎರಡು ವೇರಿಯನ್ಸ್ ಕೂಡಿದ್ರೆ ಬರೋ ಮೊತ್ತ ಲೆಡ್ಜರಲ್ಲಿ ಅಂಡರ್ ಅಥವಾ ಓವರ್ ಅಬ್ಸಾರ್ಬ್ ಆಗಿರೋ ಮೊತ್ತಕ್ಕೆ ಸಮ ಇರ್ಲೇಬೇಕು, ಸುಮಾರಾಗಿ ಅಲ್ಲ, ರೂಪಾಯಿ ಲೆಕ್ಕಕ್ಕೆ. ಇಲ್ಲಿ ಲೆಡ್ಜರಲ್ಲಿ ಖರ್ಚು 2,34,900, ಪೀಸ್ ಮೇಲೆ ಹಾಕಿರೋದು 9,000 ಇಂಟು 24, ಅಂದ್ರೆ 2,16,000, ವ್ಯತ್ಯಾಸ 18,900. ರಿಪೋರ್ಟ್ ಹೇಳ್ತಿರೋದು ಉಲ್ಟಾ 5,100. ಎರಡರ ಮಧ್ಯೆ 24,000 ಅಂತರ. ಈ ಅಂತರವನ್ನ ಸುಮ್ನೆ ನೋಡ್ತಾ ಕೂರಬೇಡಿ, ಮೊದಲು 60ರಿಂದ ಭಾಗಿಸಿ. 400 ಅವರ್ ಬರತ್ತೆ. 0.40ರಿಂದ ಇನ್ನೊಂದ್ಸಲ ಭಾಗಿಸಿ, 1,000 ಪೀಸ್. ಪ್ಲ್ಯಾನಿಗೂ ಆಗಿದ್ದಕ್ಕೂ ಇರೋ ವ್ಯತ್ಯಾಸ ಸರಿಯಾಗಿ ಇದೇ. ಕಳ್ಳ ಸಿಕ್ಕಿಬಿದ್ದ ಹಾಗೇನೇ, ಯಾರೋ SH ಜಾಗದಲ್ಲಿ ಬಜೆಟ್ಟಿನ 4,000 ಅವರ್ ಲಿಂಕ್ ಮಾಡಿದಾರೆ, 9,000 ಪೀಸಿನ 3,600 ಹಾಕೋ ಬದಲು.

ಇದು ತುಂಬಾ ಸಾಮಾನ್ಯವಾದ ತಪ್ಪು, ಯಾಕಂದ್ರೆ ಬಜೆಟ್ ಶೀಟಲ್ಲೂ "ಸ್ಟ್ಯಾಂಡರ್ಡ್ ಅವರ್ಸ್" ಅನ್ನೋ ಕಾಲಂ ಇರತ್ತೆ, ಹೆಸರು ನೋಡಿ ಅದನ್ನೇ ಎಳ್ಕೋತಾರೆ. ಹಾಗೆ ಮಾಡಿದ್ರೆ ಪ್ರೊಡಕ್ಷನ್ ಕಮ್ಮಿ ಆದ ತಿಂಗಳೆಲ್ಲ ಎಫಿಶಿಯೆನ್ಸಿ ಚೆನ್ನಾಗಿದ್ದ ಹಾಗೆ ಕಾಣತ್ತೆ, ಜಾಸ್ತಿ ಆದ ತಿಂಗಳು ಕೆಟ್ಟದಾಗಿ ಕಾಣತ್ತೆ, ಶಾಪ್ ಫ್ಲೋರಲ್ಲಿ ನಡೆದಿದ್ದಕ್ಕೂ ಅದಕ್ಕೂ ಸಂಬಂಧನೇ ಇರಲ್ಲ. ಹಳೇ ರಿಪೋರ್ಟ್‌ಗಳನ್ನ ತೆಗೆದು ಎಫಿಶಿಯೆನ್ಸಿ ವೇರಿಯನ್ಸ್ ಪ್ರೊಡಕ್ಷನ್ ಜೊತೆಗೇ ಏರಿಳಿತ ಆಗ್ತಿದ್ಯಾ ನೋಡಿ, ಆಗ್ತಿದ್ರೆ ನಿಮ್ಮಲ್ಲೂ ಇದೇ ಕಾಯಿಲೆ ಅಂತ ಅನುಮಾನ ಪಡಬಹುದು.

ಸರಿ ಮಾಡಿದ ಮೇಲೆ ಸ್ಪೆಂಡಿಂಗ್ ಹಾಗೇ 8,100 ಫೇವರೆಬಲ್ ಉಳೀತು, ಅದರಲ್ಲಿ SH ಇಲ್ವೇ ಇಲ್ಲ. ಎಫಿಶಿಯೆನ್ಸಿ 4,050 ಮೈನಸ್ 3,600, ಅಂದ್ರೆ 450 ಅವರ್ ಇಂಟು 60, 27,000 ಅಡ್ವರ್ಸ್ ಆಯ್ತು. ಒಟ್ಟು 18,900 ಅಡ್ವರ್ಸ್, ಲೆಡ್ಜರಿಗೆ ತಾಳೆ ಆಯ್ತು. ಬಹಳ ಜನ ಇಲ್ಲಿಗೆ ಫೈಲ್ ಮುಚ್ಚಿ ಮನೆಗೆ ಹೋಗ್ತಾರೆ, ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ. ಆದ್ರೆ ತಾಳೆ ಆಯ್ತು ಅಂದ್ರೆ ಒಟ್ಟು ಮೊತ್ತ ಸರಿ ಅಂತ ಅಷ್ಟೇ, ಅದು ಎರಡು ಭಾಗ ಆಗಿರೋ ರೀತಿ ಸರಿ ಅಂತಲ್ಲ.

ಎರಡನೇ ಚೆಕ್: AH ಎಲ್ಲಿಂದ ಬಂತು

ಮೇಲಿನ ಸೂತ್ರ ಇನ್ನೊಂದ್ಸಲ ನೋಡಿ. AH ಎರಡು ಕಡೆ ಇದೆ, ಸ್ಪೆಂಡಿಂಗಲ್ಲಿ ಮೈನಸ್, ಎಫಿಶಿಯೆನ್ಸಿಯಲ್ಲಿ ಪ್ಲಸ್. ಹಾಗಾಗಿ AH ಒಂದು ಅವರ್ ಜಾಸ್ತಿ ಬರೆದ್ರೆ ಎಫಿಶಿಯೆನ್ಸಿ 60 ರೂಪಾಯಿ ಕೆಡತ್ತೆ, ಸ್ಪೆಂಡಿಂಗ್ ಅದೇ 60 ಚೆನ್ನಾಗತ್ತೆ, ಒಟ್ಟು ಅಲ್ಲಾಡಲ್ಲ. ಲೆಡ್ಜರ್ ತಾಳೆಗೆ ಈ ತಪ್ಪು ಸಿಗೋದೇ ಇಲ್ಲ. ಅದಕ್ಕೇ ಒಂದು ದೊಡ್ಡ ಫೇವರೆಬಲ್, ಇನ್ನೊಂದು ದೊಡ್ಡ ಅಡ್ವರ್ಸ್, ಒಟ್ಟು ಮಾತ್ರ ಲೆಡ್ಜರಿಗೆ ಸರಿ ಇದೆ ಅಂದ್ರೆ ನನ್ನ ಮೊದಲ ಅನುಮಾನ ಯಾವಾಗ್ಲೂ AH ಮೇಲೆ.

ಈ ಕೇಸಲ್ಲಿ ಶಾಪ್ ಫ್ಲೋರಿಗೆ ಹೋಗಿ ಸೂಪರ್‌ವೈಸರ್ ಹತ್ರ ಕೇಳಿದ್ದು ಒಂದೇ ಪ್ರಶ್ನೆ, ಈ 4,050 ಎಲ್ಲಿ ಓದಿದ್ದು ಅಂತ. "ಒಂದೊಂದು ಮಷಿನ್ ಪ್ಯಾನಲ್ ಮೇಲಿನ ಅವರ್ ಮೀಟರ್ ಸಾರ್, ತಿಂಗಳ ಮೊದಲ ದಿನ ಒಂದ್ಸಲ ಕೊನೇ ದಿನ ಒಂದ್ಸಲ ಬರ್ಕೋತೀವಿ" ಅಂದ್ರು. ಮೆಯಿನ್ ಸ್ವಿಚ್ ಆನ್ ಇದ್ದಷ್ಟು ಹೊತ್ತೂ ಆ ಮೀಟರ್ ಓಡತ್ತೆ, ಜಾಬ್ ಕಟ್ ಆಗ್ತಿರ್ಲಿ, ಸೆಟಪ್ ಆಗ್ತಿರ್ಲಿ, ಮೆಟೀರಿಯಲ್ ಬಂದಿಲ್ಲ ಅಂತ ಸುಮ್ನೆ ನಿಂತಿರ್ಲಿ. ಆದ್ರೆ 0.40 ಅನ್ನೋ ಸ್ಟ್ಯಾಂಡರ್ಡ್ ಇಂಜಿನಿಯರಿಂಗ್‌ನೋರು ಹಾಕಿದ್ದು ಸೈಕಲ್ ಟೈಮ್ ಮೇಲೆ, ಅಂದ್ರೆ ಪೀಸ್ ಕಟ್ ಆಗೋ ಹೊತ್ತು ಮಾತ್ರ. ಒಂದು ಕಡೆ ಪವರ್ ಆನ್ ಅವರ್, ಇನ್ನೊಂದು ಕಡೆ ಕಟಿಂಗ್ ಅವರ್, ಹೆಸರು ಎರಡಕ್ಕೂ ಮಷಿನ್ ಅವರ್.

ಅದೃಷ್ಟಕ್ಕೆ ಕಂಟ್ರೋಲರಲ್ಲಿ ಸೈಕಲ್ ರನ್ ಟೈಮ್ ಬೇರೆ ಕೌಂಟರ್ ಇತ್ತು, ಎಲ್ಲ ಮಷಿನ್‌ದೂ ಕೂಡಿಸಿದ್ರೆ ಅದರ ಪ್ರಕಾರ 3,780 ಅವರ್. ಉಳಿದ 270 ಅವರ್ ಮಷಿನ್ ಆನ್ ಇತ್ತು, ಕೆಲಸ ಮಾಡ್ತಿರ್ಲಿಲ್ಲ. ಈಗ ಲೆಕ್ಕ ಮತ್ತೆ ಹಾಕಿದ್ರೆ ಎಫಿಶಿಯೆನ್ಸಿ 3,780 ಮೈನಸ್ 3,600 ಇಂಟು 60, 10,800 ಅಡ್ವರ್ಸ್. ಸ್ಪೆಂಡಿಂಗ್ 2,34,900 ಮೈನಸ್ 2,26,800, ಅದೂ 8,100 ಅಡ್ವರ್ಸ್! ಒಟ್ಟು ಅದೇ 18,900. ಮೀಟರ್ ಬದಲಾಯಿಸಿದ್ದಕ್ಕೆ ಸ್ಪೆಂಡಿಂಗ್ ಚಿಹ್ನೆನೇ ತಿರುಗಿ ಹೋಯ್ತು, ಮೊದಲು ಖರ್ಚು ಹಿಡಿತದಲ್ಲಿದೆ ಅಂತ ಅಂದ್ಕೊಂಡಿದ್ದು ಈಗ ಖರ್ಚು ಜಾಸ್ತಿ ಆಗಿದೆ ಅಂತಾಯ್ತು. ಎಫಿಶಿಯೆನ್ಸಿಗೆ ಅಂತ ಬೈಸಿಕೊಳ್ಳೋದಿದ್ದ ಸೂಪರ್‌ವೈಸರಿನ ತಲೆ ಮೇಲಿಂದ 16,200 ಇಳೀತು.

ಯಾವ ಅವರ್ ಸರಿ ಅಂತ ಕೇಳಿದ್ರೆ, ಸ್ಟ್ಯಾಂಡರ್ಡ್ ಯಾವುದರಲ್ಲಿ ಹಾಕಿದಾರೋ ಅದೇ ಸರಿ. ಪವರ್ ಆನ್ ಅವರ್ ಇಟ್ಕೊಂಡು ಸ್ಟ್ಯಾಂಡರ್ಡನ್ನೇ ಸೆಟಪ್ ಮತ್ತೆ ಕಾಯೋ ಹೊತ್ತು ಸೇರಿಸಿ 0.43 ಅಂತ ಬದಲಾಯಿಸಿದ್ರೂ ತಪ್ಪಿಲ್ಲ, ರೇಟನ್ನೂ ಅದೇ ಅವರ್ ಮೇಲೆ ಮತ್ತೆ ಕಟ್ಟಬೇಕು ಅಷ್ಟೇ. ಮೂರೂ, ಅಂದ್ರೆ AH, SH, SR, ಒಂದೇ ಅಳತೆಗೋಲಲ್ಲಿ ಇರ್ಬೇಕು.

AH ಕೆಡೋದಕ್ಕೆ ಇನ್ನೆರಡು ದಾರಿ ನೋಡಿದೀನಿ, ಬೇಗ ಹೇಳಿ ಮುಗಿಸ್ತೀನಿ. ಒಂದು, ಲೇಬರ್ ಅವರ್ ಎಳ್ಕೊಂಡಿರೋದು. ಒಬ್ಬ ಆಪರೇಟರ್ ಎರಡು ಮಷಿನ್ ನೋಡ್ಕೊಳ್ತಿದ್ರೆ ಹಾಜರಿ ಪ್ರಕಾರದ ಅವರ್ ಮಷಿನ್ ಅವರಿನ ಅರ್ಧಕ್ಕೆ ಹತ್ತಿರ ಇರತ್ತೆ, ಎಫಿಶಿಯೆನ್ಸಿ ನಂಬಕ್ಕಾಗದಷ್ಟು ಫೇವರೆಬಲ್ ಬರತ್ತೆ, ಸ್ಪೆಂಡಿಂಗ್ ಅಷ್ಟೇ ಭಯಂಕರ ಅಡ್ವರ್ಸ್. ಇನ್ನೊಂದು ಎಕ್ಸೆಲ್ ಕೊಡೋ ಕಾಟ. ಅವರ್ ಕಾಲಂ ಗಂಟೆ-ನಿಮಿಷದ ಫಾರ್ಮ್ಯಾಟಲ್ಲಿ ಇದ್ರೆ ಎಕ್ಸೆಲ್ ಅದನ್ನ ಒಳಗೆ ದಿನದ ಲೆಕ್ಕದಲ್ಲಿ ಇಟ್ಕೊಂಡಿರತ್ತೆ, ನೇರವಾಗಿ ರೇಟಿಂದ ಗುಣಿಸಿದ್ರೆ ಉತ್ತರ 24ನೇ ಒಂದು ಭಾಗ ಬರತ್ತೆ:

```
=B2*60       ತಪ್ಪು (B2 = 3780:00, ಉತ್ತರ 9450)
=B2*24*60    ಸರಿ  (ಉತ್ತರ 226800)
```

ಸೆಲ್ ಫಾರ್ಮ್ಯಾಟ್ `[h]:mm` ಇಲ್ದೆ ಬರೀ `h:mm` ಇದ್ರೆ 24 ದಾಟಿದ ಗಂಟೆ ಕಣ್ಣಿಗೆ ಕಾಣೋದೂ ಇಲ್ಲ, ಅದಕ್ಕೇ ತುಂಬ ಹೊತ್ತು ತಲೆ ಕೆಡಿಸ್ಕೋಬೇಕಾಗತ್ತೆ.

ಹೀಗೆ ನೋಡಿದ್ರೆ ಯಾವ ಅಂಕಿ ಕೆಟ್ಟಿದೆ ಅನ್ನೋದನ್ನ ಯಾವ ವೇರಿಯನ್ಸ್ ಅಲ್ಲಾಡ್ತು ಅನ್ನೋದರಿಂದಲೇ ಹಿಡೀಬಹುದು. SH ತಪ್ಪಿದ್ರೆ ಎಫಿಶಿಯೆನ್ಸಿ ಮಾತ್ರ ಕೆಡತ್ತೆ, ಒಟ್ಟು ಲೆಡ್ಜರ್ ಬಿಟ್ಟು ಹೋಗತ್ತೆ. ಖರ್ಚಿನ ಅಂಕಿ ತಪ್ಪಿದ್ರೆ ಸ್ಪೆಂಡಿಂಗ್ ಮಾತ್ರ ಕೆಡತ್ತೆ. AH ತಪ್ಪಿದ್ರೆ ಎರಡೂ ಸಮವಾಗಿ ಎದುರುಬದುರು ಕೆಡತ್ತೆ, ಒಟ್ಟು ಹಾಗೇ ಇರತ್ತೆ.

ಮೂರನೇ ಚೆಕ್: ಸ್ಪೆಂಡಿಂಗನ್ನ ಬಿಡಿಸಿ ನೋಡಿ

ಈಗ 8,100 ಅಡ್ವರ್ಸ್ ಸ್ಪೆಂಡಿಂಗ್ ಕೈಲಿದೆ. ಸ್ಪೆಂಡಿಂಗ್ ಅಂದ್ರೆ ರೇಟ್ ಜಾಸ್ತಿ ಕೊಟ್ಟಿದೀವಿ ಅಂತ ತಿಳ್ಕೊಳೋರು ಬಹಳ, ಮೆಟೀರಿಯಲ್ ಪ್ರೈಸ್ ವೇರಿಯನ್ಸ್ ಓದಿದ ಅಭ್ಯಾಸ ಅದು. ಓವರ್‌ಹೆಡ್ಡಲ್ಲಿ ಹಾಗಲ್ಲ. ಸ್ಪೆಂಡಿಂಗ್ ಹೋಲಿಸೋದು ಒಂದು ಮಷಿನ್ ಅವರಿಗೆ ಎಷ್ಟು ರೂಪಾಯಿ ಬಿತ್ತು ಅನ್ನೋದನ್ನ, ಆ ರೂಪಾಯಿ ಒಳಗೆ ಕರೆಂಟಿನ ದರವೂ ಇರತ್ತೆ, ಅವರಿಗೆ ಎಷ್ಟು ಯೂನಿಟ್ ಕರೆಂಟ್ ಸುಟ್ಟಿತು ಅನ್ನೋದೂ ಇರತ್ತೆ. ಬಿಲ್ ದರ ಒಂದು ಪೈಸೆ ಏರದೇ ಇದ್ರೂ ಸ್ಪೆಂಡಿಂಗ್ ಅಡ್ವರ್ಸ್ ಬರಬಹುದು.

60 ರೂಪಾಯಿ ರೇಟು ಹೀಗೆ ಕಟ್ಟಿದ್ದು: ಕರೆಂಟ್ 32, ಕೂಲೆಂಟ್ 10, ಟೂಲ್ ಇನ್ಸರ್ಟ್ ಥರದ ಕನ್ಸ್ಯೂಮಬಲ್ಸ್ 18. 3,780 ಅವರಿಗೆ ಲೆಕ್ಕ ಹಾಕಿ ನಿಜವಾದ ಖರ್ಚಿನ ಪಕ್ಕ ಇಟ್ರೆ ಕರೆಂಟ್ 1,20,960 ಇರಬೇಕಾದಲ್ಲಿ 1,24,200 ಆಗಿದೆ, 3,240 ಅಡ್ವರ್ಸ್. ಕೂಲೆಂಟ್ 37,800 ಬದಲು 37,260, 540 ಫೇವರೆಬಲ್. ಕನ್ಸ್ಯೂಮಬಲ್ಸ್ 68,040 ಬದಲು 73,440, 5,400 ಅಡ್ವರ್ಸ್.

ಕರೆಂಟ್ ಮೊದಲು. ಸ್ಟ್ಯಾಂಡರ್ಡ್ 32 ಅಂದ್ರೆ ಅವರಿಗೆ 4 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ. ಸಬ್ ಮೀಟರ್ ಪ್ರಕಾರ ಸುಟ್ಟಿದ್ದು 15,525 ಯೂನಿಟ್, ದರ ಅದೇ 8. ಅಂದ್ರೆ ದರದ ತಪ್ಪಿಲ್ಲ, 3,780 ಅವರಿಗೆ 15,120 ಯೂನಿಟ್ ಸಾಕಾಗಿತ್ತು, 405 ಯೂನಿಟ್ ಜಾಸ್ತಿ ಹೋಗಿದೆ. ಈ 405 ಎಲ್ಲಿಂದ ಬಂತು ಅಂತ ಈಗ ನಿಮಗೇ ಹೊಳೆದಿರತ್ತೆ, ಆನ್ ಇದ್ದು ಸುಮ್ನೆ ನಿಂತಿದ್ದ 270 ಅವರ್. ಕೆಲಸ ಇಲ್ದೆ ನಿಂತ ಮಷಿನ್ ಕೂಡ ಹೈಡ್ರಾಲಿಕ್ ಪಂಪು, ಫ್ಯಾನು, ಕಂಟ್ರೋಲರ್ ಅಂತ ಕರೆಂಟ್ ಎಳೀತಾ ಇರತ್ತೆ, ಕ್ಲ್ಯಾಂಪ್ ಮೀಟರ್ ಹಾಕಿ ಅಳೆದ್ರೆ ಇಲ್ಲಿ ಅವರಿಗೆ ಸುಮಾರು 1.5 ಯೂನಿಟ್. 270 ಇಂಟು 1.5, ಸರಿಯಾಗಿ 405. ನಿಂತಿದ್ದ ಹೊತ್ತನ್ನ AHನಿಂದ ತೆಗೆದ ಮೇಲೂ ಅದರ ಖರ್ಚು ಎಲ್ಲೂ ಹೋಗ್ಲಿಲ್ಲ, ಎಫಿಶಿಯೆನ್ಸಿ ಬಿಟ್ಟು ಸ್ಪೆಂಡಿಂಗಲ್ಲಿ ಬಂದು ಕೂತಿದೆ. ಆದ್ರೆ ಗಾತ್ರ ನೋಡಿ, ತಪ್ಪು ಮೀಟರ್ ಇದ್ದಾಗ ಆ 270 ಅವರಿಗೆ 16,200 ಅಂತ ತೋರಿಸ್ತಿತ್ತು, ನಿಜಕ್ಕೂ ಅದರಿಂದ ಹೋಗಿದ್ದು 3,240 ಅಷ್ಟೇ, ಯಾಕಂದ್ರೆ ನಿಂತ ಮಷಿನ್ ಇನ್ಸರ್ಟ್ ಸವೆಸಲ್ಲ.

ಕನ್ಸ್ಯೂಮಬಲ್ಸ್‌ದು ಇನ್ನೂ ಸರಳ. ಸ್ಟೋರಿಂದ ಇಶ್ಯೂ ಆದ ತಕ್ಷಣ ಖರ್ಚು ಅಂತ ಬರೀತಾರೆ, ತಿಂಗಳ ಕೊನೇ ದಿನ ಇಶ್ಯೂ ಆದ 5,400 ರೂಪಾಯಿಯ ಇನ್ಸರ್ಟ್ ಬಾಕ್ಸ್ ಒಡೆಯದೇ ಟೂಲ್ ಕಪಾಟಲ್ಲಿ ಇತ್ತು. ಅದನ್ನ ಮುಂದಿನ ತಿಂಗಳಿಗೆ ತಳ್ಳಿದ್ರೆ ಆ ಸಾಲು ಸೊನ್ನೆ, ಸ್ಪೆಂಡಿಂಗ್ 2,700 ಅಡ್ವರ್ಸಿಗೆ ಇಳಿಯತ್ತೆ, ಒಟ್ಟು 13,500. ಇಲ್ಲಿ ಖರ್ಚೇ ಬದಲಾಗಿದ್ದರಿಂದ ಒಟ್ಟೂ ಬದಲಾಗತ್ತೆ, ಲೆಡ್ಜರಲ್ಲೂ ಎಂಟ್ರಿ ಹಾಕಬೇಕು, ಬರೀ ರಿಪೋರ್ಟಲ್ಲಿ ಕಳೆದು ಬಿಟ್ರೆ ಮತ್ತೆ ತಾಳೆ ತಪ್ಪತ್ತೆ. ಈ ಟೈಮಿಂಗ್ ತಪ್ಪು ಗುರುತಿಸೋದು ಸುಲಭ, ಒಂದು ತಿಂಗಳು ಅಡ್ವರ್ಸ್ ಇದ್ದಿದ್ದು ಮುಂದಿನ ತಿಂಗಳು ಹೆಚ್ಚುಕಮ್ಮಿ ಅಷ್ಟೇ ಫೇವರೆಬಲ್ ಆಗಿ ವಾಪಸ್ ಬರ್ತಿರತ್ತೆ.

ನಾಲ್ಕನೇ ಚೆಕ್: 180 ಅವರ್ ಎಲ್ಲಿ ಹೋಯ್ತು

ಉಳಿದಿದ್ದು ಎಫಿಶಿಯೆನ್ಸಿ, 10,800 ಅಡ್ವರ್ಸ್. ಹೆಸರು ಓವರ್‌ಹೆಡ್ ಎಫಿಶಿಯೆನ್ಸಿ ಅಂತ ಇದ್ರೂ ಇದರಲ್ಲಿ ಓವರ್‌ಹೆಡ್ ಬಗ್ಗೆ ಒಂದು ಮಾತೂ ಇಲ್ಲ, ಕರೆಂಟನ್ನ ಹೇಗೆ ಬಳಸಿದ್ರಿ ಕೂಲೆಂಟನ್ನ ಹೇಗೆ ಬಳಸಿದ್ರಿ ಅನ್ನೋದು ಮೇಲೆ ಸ್ಪೆಂಡಿಂಗಲ್ಲೇ ಮುಗೀತು. ಇದು ಹೇಳೋದು ಮಷಿನ್ ಅವರ್ 180 ಜಾಸ್ತಿ ಹೋಯ್ತು ಅಂತ ಮಾತ್ರ. ಹಾಗಾಗಿ ಇದಕ್ಕೆ ಕಾರಣ ಕೇಳಬೇಕಾದ್ದು ಮೇಂಟೆನೆನ್ಸ್ ಅಥವಾ ಪರ್ಚೇಸ್ ಹತ್ರ ಮಾತ್ರ ಅಲ್ಲ, ಅವರ್ ಎಲ್ಲಿ ಖರ್ಚಾಯ್ತೋ ಅಲ್ಲಿ.

9,000 ಪೀಸಿಗೆ 3,780 ಅಂದ್ರೆ ಪೀಸಿಗೆ 0.42, ಮಷಿನ್ ಸ್ಲೋ ಆಗಿದೆ ಅಂತ ಎಲ್ಲರೂ ಅಂದ್ರು, ಫೀಡ್ ಕಮ್ಮಿ ಇಟ್ಟಿದಾರೆ ಅಂತ ಆಪರೇಟರ್ ಮೇಲೆ ಬಂತು. ಆದ್ರೆ ಕಂಟ್ರೋಲರಲ್ಲಿ ಸೈಕಲ್ ಕೌಂಟ್ ನೋಡಿದ್ರೆ 9,450. 3,780 ಭಾಗಿಸು 9,450, ಸರಿಯಾಗಿ 0.40. ಮಷಿನ್ ಒಂಚೂರೂ ಸ್ಲೋ ಆಗಿಲ್ಲ, 450 ಪೀಸ್ ರಿಜೆಕ್ಟ್ ಆಗಿದೆ, ಆ 180 ಅವರ್ ತಿಂದಿದ್ದು ಅವು. ಸಮಸ್ಯೆ ವೇಗದ್ದಲ್ಲ, ಕ್ವಾಲಿಟಿದು, ಹುಡುಕಬೇಕಾದ್ದು ಬಂದ ಮೆಟೀರಿಯಲ್ಲಲ್ಲಿ ಇಲ್ಲಾ ಫಿಕ್ಸ್ಚರಲ್ಲಿ.

ಇಲ್ಲೊಂದು ಗುಂಡಿ ಇದೆ. SH ಲೆಕ್ಕ ಹಾಕುವಾಗ ಸಿಸ್ಟಂ 9,450 ತಗೊಂಡಿದ್ರೆ SH 3,780 ಆಗಿ ಎಫಿಶಿಯೆನ್ಸಿ ಸೊನ್ನೆ ಬರ್ತಿತ್ತು, ರಿಜೆಕ್ಟ್ ಕಥೆ ಇಲ್ಲಿ ಕಾಣ್ತಾನೇ ಇರ್ಲಿಲ್ಲ. ಈ ಸ್ಟ್ಯಾಂಡರ್ಡಲ್ಲಿ ಲೆಕ್ಕಕ್ಕೆ ಬರೋದು ಒಳ್ಳೆ ಪೀಸ್ ಮಾತ್ರ. ಆದ್ರೆ ನಿಮ್ಮ ಸ್ಟ್ಯಾಂಡರ್ಡ್ ಹಾಕುವಾಗಲೇ ನಾರ್ಮಲ್ ರಿಜೆಕ್ಷನ್ ಅಂತ ಸ್ವಲ್ಪ ಹೊತ್ತು ಸೇರಿಸಿದ್ರೆ, ಆ ಭಾಗವನ್ನ ರಿಜೆಕ್ಟಿನ ಮೇಲೆ ಮತ್ತೆ ಹೊರಿಸಬೇಡಿ, ಎಂಜಿನಿಯರಿಂಗ್ ಶೀಟ್ ತೆಗೆದು ಒಂದ್ಸಲ ನೋಡ್ಕೊಳ್ಳಿ.

ಅಂದ ಹಾಗೆ ರಿಜೆಕ್ಟ್ ಪೀಸುಗಳೂ ಕರೆಂಟ್ ಸುಟ್ಟಿವೆ, 180 ಅವರ್ ಇಂಟು 4 ಯೂನಿಟ್, 720. ಆ ಹಣ 5,760 ಎಫಿಶಿಯೆನ್ಸಿ ಒಳಗಿದೆ, ನಿಂತ ಮಷಿನ್ನಿನ 3,240 ಸ್ಪೆಂಡಿಂಗ್ ಒಳಗಿದೆ. ಕರೆಂಟ್ ಬಿಲ್ ಯಾಕೆ 9,000 ಜಾಸ್ತಿ ಅಂತ ಯಾರಾದ್ರೂ ಕೇಳಿದ್ರೆ ಒಂದೇ ವೇರಿಯನ್ಸ್ ತೋರಿಸಿ ಉತ್ತರ ಕೊಡಕ್ಕಾಗಲ್ಲ, ಎರಡನ್ನೂ ಕೂಡಿಸಿ ಹೇಳಬೇಕು.

ಕೊನೇ ಅನುಮಾನ: ಆ ಖರ್ಚು ನಿಜಕ್ಕೂ ಮಷಿನ್ ಅವರ್ ಜೊತೆ ಓಡತ್ತಾ

ಎಲ್ಲ ಅಂಕಿ ಸರಿ ಇದ್ದೂ ವೇರಿಯನ್ಸ್ ಸುಳ್ಳು ಹೇಳೋದು ಇಲ್ಲಿ. ಈ ಕೇಸಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಕೂಲೆಂಟ್. ಹಿಂದಿನ ತಿಂಗಳುಗಳನ್ನ ತೆಗೆದ್ರೆ ಅವರ್ 3,100 ಇದ್ದಾಗಲೂ ಕೂಲೆಂಟ್ ಖರ್ಚು 37,000 ಆಸುಪಾಸು, 4,000 ಇದ್ದಾಗಲೂ ಅಷ್ಟೇ. ಕೇಳಿದ್ರೆ ಟ್ಯಾಂಕನ್ನ ಮಷಿನ್ ಎಷ್ಟು ಓಡಿದೆ ಅಂತ ನೋಡಿ ಅಲ್ಲ, ಗೊತ್ತಾದ ದಿನಕ್ಕೆ ಖಾಲಿ ಮಾಡಿ ತುಂಬ್ತಾರಂತೆ. ಅಂದ್ರೆ ಅದು ವೇರಿಯಬಲ್ ಅಂತ ಹೆಸರು ಹಾಕ್ಕೊಂಡಿರೋ ಫಿಕ್ಸೆಡ್ ಖರ್ಚು. 3,100 ಅವರ್ ತಿಂಗಳಲ್ಲಿ ಸ್ಟ್ಯಾಂಡರ್ಡ್ 31,000 ಮಾತ್ರ ಕೊಡತ್ತೆ, 6,000 ಅಡ್ವರ್ಸ್ ಬರತ್ತೆ. 4,000 ಅವರ್ ತಿಂಗಳಲ್ಲಿ 40,000 ಕೊಡತ್ತೆ, 3,000 ಫೇವರೆಬಲ್ ಬರತ್ತೆ, ಕೂಲೆಂಟ್ ತುಂಬೋ ಮನುಷ್ಯ ಎರಡೂ ತಿಂಗಳು ಒಂದೇ ಕೆಲಸ ಮಾಡಿರ್ತಾನೆ. ಒಂದು ಸಾಲಿನ ಸ್ಪೆಂಡಿಂಗ್ ಅವರ್ ಕಮ್ಮಿ ಆದಾಗೆಲ್ಲ ಅಡ್ವರ್ಸ್, ಜಾಸ್ತಿ ಆದಾಗೆಲ್ಲ ಫೇವರೆಬಲ್ ಅಂತ ಆಡ್ತಿದ್ರೆ ಆ ಸಾಲಿಗೆ ಮಷಿನ್ ಅವರ್ ಬೇಸ್ ಹೊಂದಲ್ಲ ಅಂತಾನೇ ಅರ್ಥ. ಹನ್ನೆರಡು ತಿಂಗಳ ಖರ್ಚು ಒಂದು ಕಡೆ, ಅವರ್ ಒಂದು ಕಡೆ ಇಟ್ಟು ಸ್ಕ್ಯಾಟರ್ ಹಾಕಿದ್ರೆ ಸಾಕು, ಚುಕ್ಕಿಗಳು ಮೇಲೇರದೆ ಅಡ್ಡಡ್ಡ ಮಲಗಿದ್ರೆ ಗೊತ್ತಾಗೋಗತ್ತೆ.

ಇದರ ಪರಿಣಾಮ ಎಫಿಶಿಯೆನ್ಸಿಗೂ ಇದೆ. 10,800ರಲ್ಲಿ 180 ಅವರ್ ಇಂಟು 10, ಅಂದ್ರೆ 1,800 ರೂಪಾಯಿ ಕೂಲೆಂಟಿನ ಹೆಸರಲ್ಲಿದೆ, ನಾಳೆ ರಿಜೆಕ್ಟ್ ಪೂರ್ತಿ ನಿಲ್ಲಿಸಿದ್ರೂ ಆ 1,800 ಉಳಿಯಲ್ಲ, ಟ್ಯಾಂಕ್ ಅದೇ ದಿನ ಖಾಲಿ ಆಗತ್ತೆ. ಹಾಗಾಗಿ ರಿಜೆಕ್ಟ್ ಕಮ್ಮಿ ಮಾಡಿದ್ರೆ ಓವರ್‌ಹೆಡ್ಡಲ್ಲಿ ಎಷ್ಟು ಉಳಿಯತ್ತೆ ಅಂತ ಕೇಳಿದಾಗ ನಾನು 10,800 ಅಂತ ಬರೀಲಿಲ್ಲ, 9,000 ಅಂತ ಬರೆದೆ, ಮುಂದಿನ ವರ್ಷದ ರೇಟಿಂದ ಕೂಲೆಂಟ್ ತೆಗೆದು ಮಷಿನ್ ಅವರಿಗೆ 50 ಇಡಿ, ಕೂಲೆಂಟನ್ನ ಫಿಕ್ಸೆಡ್ ಬಜೆಟಲ್ಲಿ ತೋರಿಸಿ ಅಂತ ಕೆಳಗೆ ಒಂದು ಸಾಲು ಸೇರಿಸಿದೆ.